ಸ್ಟೆಂಟ್ ಇದೆ ಅನ್ನೋದು ಹೊಸ ಡಾಕ್ಟರ್‌ಗೆ ಗೊತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ, ಹುಬ್ಬಳ್ಳಿಯವನು, ಸಸ್ಯಾಹಾರಿ. ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆವಾಗಿನಿಂದ ರೋಸುವಾಸ್ಟಾಟಿನ್ 20, ಆಸ್ಪಿರಿನ್ 75 ಎರಡೂ ಸೇರಿರುವ ಒಂದೇ ಕ್ಯಾಪ್ಸೂಲ್ ರಾತ್ರಿ ತಗೋತೀನಿ. ಚಿಕಿತ್ಸೆಗೆ ಮುಂಚೆ ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ 128 ಇತ್ತು, ಊರು ಬಿಡುವಾಗ 62. ಈಗ ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್‌ಗೆ ಒಬ್ಬನೇ ಬಂದಿದ್ದೀನಿ. ಕ್ಯಾಪ್ಸೂಲ್ ಮುಗಿದುಹೋಗುತ್ತೆ ಅಂತ ದಿನ ಬಿಟ್ಟು ದಿನ ತಗೊಳ್ತಾ ಬಂದೆ. ಇಲ್ಲಿ ಡಾಕ್ಟರ ಕ್ಲಿನಿಕ್‌ಗೆ ಸರ್ಜರಿ ಅಂತಾರೆ, ಅಲ್ಲಿ ಹೆಸರು ಬರೆಸಿ ರಕ್ತ ಪರೀಕ್ಷೆ ಮಾಡಿಸಿದೆ. ಎಲ್‌ಡಿಎಲ್ 2.5 ಅಂತ ಬಂತು, ಆ್ಯಪ್‌ನಲ್ಲಿ "Normal, no further action" ಅಂತಿದೆ. ಫಾರ್ಮಸಿಯಲ್ಲಿ ಅಟೋರ್ವಾಸ್ಟಾಟಿನ್ 20 ಕೊಟ್ಟರು. ಆಸ್ಪಿರಿನ್ ಕೊಟ್ಟಿಲ್ಲ. ಹೊಸ ಮಾತ್ರೆ ಇನ್ನೂ ಶುರು ಮಾಡಿಲ್ಲ, ಹಳೇ ಕ್ಯಾಪ್ಸೂಲ್ ಹನ್ನೊಂದು ಉಳಿದಿವೆ. ಊಟ ಅಂದರೆ ಬೆಳಿಗ್ಗೆ ಬೆಣ್ಣೆ ಟೋಸ್ಟ್, ಮಧ್ಯಾಹ್ನ ಚೀಸ್ ಸ್ಯಾಂಡ್‌ವಿಚ್, ರಾತ್ರಿ ಫ್ರೋಜನ್ ಪರಾಠ, ಅಮ್ಮ ಕೊಟ್ಟ ತುಪ್ಪ. ನಾರ್ಮಲ್ ಅಂದಮೇಲೆ ಚಿಂತೆ ಬೇಡ ಅಲ್ವಾ? ಹೊಸ ಮಾತ್ರೆ ಶುರು ಮಾಡಲಾ?

ಉತ್ತರ: ಮೊದಲು ಇವತ್ತು ರಾತ್ರಿ ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಉಳಿದಿರುವ ಹನ್ನೊಂದು ಕ್ಯಾಪ್ಸೂಲ್‌ಗಳನ್ನು ಇವತ್ತಿನಿಂದ ದಿನಾ ಒಂದರಂತೆ ತಗೊಳ್ಳಿ. ದಿನ ಬಿಟ್ಟು ದಿನ ತಗೊಳ್ಳುವುದು ಇಲ್ಲಿಗೆ ಸಾಕು. ಹೊಸ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ. ಅದೂ ಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಇಳಿಸುವ ಔಷಧಿ, ಕ್ಯಾಪ್ಸೂಲ್ ಒಳಗಿರುವುದೂ ಸ್ಟಾಟಿನ್. ಎರಡನ್ನೂ ಒಟ್ಟಿಗೆ ತಗೊಳ್ಳುವಂತಿಲ್ಲ. ಹೀಗೆ ಮಾಡಿದರೆ ನಿಮಗೆ ಹನ್ನೊಂದು ದಿನ ಸಿಗುತ್ತದೆ. ಅಷ್ಟರೊಳಗೆ ಒಂದು ಕೆಲಸ ಆಗಬೇಕು. ಅದು ಏನು ಅನ್ನುವುದೇ ಈ ಉತ್ತರದ ಮುಖ್ಯ ವಿಷಯ.

ನಿಮ್ಮ ಪತ್ರದಲ್ಲಿ ಮೂರು ವಿಚಿತ್ರಗಳಿವೆ. ಸ್ಟೆಂಟ್ ಇರುವವರಿಗೆ 2.5 ಎಲ್‌ಡಿಎಲ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 97, ಬಂದಾಗ ನಾರ್ಮಲ್ ಅಂದಿದ್ದಾರೆ. ಅಟೋರ್ವಾಸ್ಟಾಟಿನ್ ಕೊಟ್ಟಿದ್ದಾರೆ, ಆದರೆ 20 ಮಿಲಿಗ್ರಾಂ. ಆಸ್ಪಿರಿನ್ ಕೊಟ್ಟೇ ಇಲ್ಲ. ಒಂದೊಂದನ್ನೇ ನೋಡಿದರೆ ಮೂರು ತಪ್ಪು ಅನ್ನಿಸುತ್ತದೆ. ಮೂರನ್ನೂ ಒಟ್ಟಿಗೆ ನೋಡಿದರೆ ಅಲ್ಲಿ ಒಂದೇ ಒಂದು ಮಾಹಿತಿ ಇಲ್ಲದಿರುವುದು ಕಾಣುತ್ತದೆ. ನಿಮಗೆ ಸ್ಟೆಂಟ್ ಇರುವುದು ಆ ಡಾಕ್ಟರಿಗೆ ಗೊತ್ತಿಲ್ಲ.

ಹೀಗೆ ಹೇಳಲು ಕಾರಣ ಆ 20 ಅನ್ನುವ ಅಂಕಿ. ಇಂಗ್ಲೆಂಡಿನ ಡಾಕ್ಟರುಗಳು ನೈಸ್ ಸಂಸ್ಥೆಯ ಮಾರ್ಗಸೂಚಿ ನೋಡಿಕೊಂಡು ಔಷಧಿ ಬರೆಯುತ್ತಾರೆ. ಹೃದಯದ ತೊಂದರೆ ಇನ್ನೂ ಬಂದಿಲ್ಲ, ಮುಂದೆ ಬರಬಾರದು ಅನ್ನುವವರಿಗೆ ಅದರಲ್ಲಿ ಅಟೋರ್ವಾಸ್ಟಾಟಿನ್ 20 ಇದೆ. ಹೃದಯಾಘಾತ ಆಗಿರುವವರಿಗೆ, ಸ್ಟೆಂಟ್ ಹಾಕಿರುವವರಿಗೆ 80 ಇದೆ. ಬೇರೆ ಔಷಧಿಯ ಜೊತೆ ಹೊಂದದಿದ್ದರೆ, ಅಡ್ಡಪರಿಣಾಮದ ಭಯ ಇದ್ದರೆ, ಅಥವಾ ರೋಗಿಯೇ ಬೇಡ ಅಂದರೆ ಕಡಿಮೆ ಮಾಡುತ್ತಾರೆ. ಅಂದರೆ ನಿಮಗೆ ಕೊಟ್ಟಿರುವುದು ಮೊದಲನೇ ಗುಂಪಿನವರ ಡೋಸು. ಆ ಗುಂಪಿನವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಕೊಡುವುದಿಲ್ಲ. 2.5 ಎಲ್‌ಡಿಎಲ್ ಬಂದರೆ ಅವರ ವಿಷಯದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮ ಫೈಲಿನಲ್ಲಿ ಬರೀ "ಕೊಲೆಸ್ಟ್ರಾಲ್ ಇದೆ" ಅಂತ ಇದ್ದರೆ ಡಾಕ್ಟರ್ ಮಾಡಿದ್ದೆಲ್ಲ ಸರಿಯೇ.

ಇದು ಹೇಗೆ ಆಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಸರ್ಜರಿಯಲ್ಲಿ ಹೆಸರು ಬರೆಸುವಾಗ ಒಂದು ಫಾರ್ಮ್ ಕೊಡುತ್ತಾರೆ. ಯಾವ ಔಷಧಿ ತಗೊಳ್ತೀರಿ ಅನ್ನುವ ಜಾಗದಲ್ಲಿ ನಮ್ಮವರು ಸ್ಟ್ರಿಪ್ ನೋಡಿ ಭಾರತದ ಬ್ರ್ಯಾಂಡ್ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ "ಕೊಲೆಸ್ಟ್ರಾಲ್‌ಗೆ" ಅಂತ ಸೇರಿಸುತ್ತಾರೆ. ಆ ಬ್ರ್ಯಾಂಡ್ ಅಲ್ಲಿ ಯಾರಿಗೂ ಗೊತ್ತಿಲ್ಲ. ಸ್ಟಾಟಿನ್ ಮತ್ತು ಆಸ್ಪಿರಿನ್ ಸೇರಿಸಿದ ಇಂಥ ಕ್ಯಾಪ್ಸೂಲ್ ನಮ್ಮಲ್ಲಿ ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಹಾಗಾಗಿ ಫಾರ್ಮ್ ಓದಿದವರಿಗೆ ಕಾಣುವುದು ಒಂದು ಕೊಲೆಸ್ಟ್ರಾಲ್ ಮಾತ್ರೆ, ಅಷ್ಟೇ. ಅದರೊಳಗೆ ಅವಿತಿರುವ ಆಸ್ಪಿರಿನ್ ಕಾಣುವುದೇ ಇಲ್ಲ. ಎಷ್ಟೋ ಸಲ ರೋಗಿಗೇ ಅದು ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ, ಅದು ಒಳ್ಳೆಯದಾಯಿತು.

ಈಗ ಆಗಬೇಕಾದ ಕೆಲಸ. ನಾಳೆ ಬೆಳಿಗ್ಗೆ ಸರ್ಜರಿಗೆ ಬರೆಯಿರಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆ್ಯಪ್‌ನಿಂದ ಅಥವಾ ಸರ್ಜರಿಯ ವೆಬ್‌ಸೈಟಿನ ಫಾರ್ಮ್‌ನಿಂದ ಕಳಿಸಬಹುದು. ಹಾಗೆ ಆಗದಿದ್ದರೆ ರಿಸೆಪ್ಷನ್‌ಗೆ ಹೋಗಿ ಕಾಗದ ಕೊಡಿ. ಉದ್ದ ಕಥೆ ಬೇಡ. ಇಷ್ಟು ಸಾಕು:

```
Coronary stent (PCI), Bengaluru, India, 2 years ago.
I think this is not coded in my record.
Usual medicines: rosuvastatin 20 mg + aspirin 75 mg daily.
Given atorvastatin 20 mg, no aspirin. LDL 2.5 mmol/L.
Please code the stent and review. Documents attached.
```

ಇದರ ಜೊತೆ ಬೆಂಗಳೂರಿನ ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ವರದಿ, ಚಿಕಿತ್ಸೆಗೆ ಮುಂಚಿನ ಲಿಪಿಡ್ ರಿಪೋರ್ಟ್ ಮತ್ತು ಕೊನೆಯ ರಿಪೋರ್ಟ್ ಸೇರಿಸಿ. ಸ್ಟೆಂಟ್ ಕಾರ್ಡ್ ಕೊಟ್ಟಿದ್ದರೆ ಅದರ ಫೋಟೋ ಕೂಡ ಇರಲಿ. ಕಾಗದಗಳು ಊರಲ್ಲೇ ಇದ್ದರೆ ಮನೆಯವರಿಗೆ ಹೇಳಿ ಮೊಬೈಲಿನಲ್ಲೇ ಫೋಟೋ ತೆಗೆದು ಕಳಿಸಲಿ. ಅಕ್ಷರ ಓದಲು ಬಂದರೆ ಸಾಕು.

ಆ ಸಂದೇಶದಲ್ಲಿ "code" ಅಂತ ಬರೆದಿರುವುದಕ್ಕೆ ಕಾರಣ ಇದೆ. ಕಾಗದ ಸ್ಕ್ಯಾನ್ ಮಾಡಿ ಫೈಲಿಗೆ ಹಾಕಿದರೆ ಅದು ಒಂದು ಚಿತ್ರವಾಗಿ ಎಲ್ಲೋ ಕೂರುತ್ತದೆ. ಮುಂದಿನ ಸಲ ಬೇರೆ ಡಾಕ್ಟರ್ ನಿಮ್ಮ ರಕ್ತದ ರಿಪೋರ್ಟ್ ನೋಡುವಾಗ ಆ ಚಿತ್ರ ತೆರೆದು ನೋಡುವುದು ಅನುಮಾನ. ರೋಗದ ಹೆಸರನ್ನು ಕಂಪ್ಯೂಟರಿನ ರೋಗಪಟ್ಟಿಗೆ ಕೋಡ್ ಆಗಿ ಸೇರಿಸಿದರೆ ಮಾತ್ರ ನಿಮ್ಮ ಹೆಸರು ಹೃದ್ರೋಗಿಗಳ ಪಟ್ಟಿಗೆ ಹೋಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಅವರೇ ತಪಾಸಣೆಗೆ ಕರೆಯುತ್ತಾರೆ. ಚಳಿಗಾಲದ ಫ್ಲೂ ಲಸಿಕೆ ಕೂಡ ಉಚಿತವಾಗಿ ಸಿಗುತ್ತದೆ. ಕೋಡ್ ಆಯಿತೋ ಇಲ್ಲವೋ ಅಂತ ನೀವೇ ನೋಡಿಕೊಳ್ಳಬಹುದು. ಆ್ಯಪ್‌ನಲ್ಲಿ ನಿಮ್ಮ ಜಿಪಿ, ಅಂದರೆ ಸರ್ಜರಿಯ ಡಾಕ್ಟರು ಇಟ್ಟ ದಾಖಲೆ ತೆರೆದು ಆರೋಗ್ಯ ಸಮಸ್ಯೆಗಳ ಪಟ್ಟಿ ನೋಡಿ. ಅಲ್ಲಿ ಸ್ಟೆಂಟ್ ಅಥವಾ ಹೃದಯದ ರಕ್ತನಾಳದ ಕಾಯಿಲೆ ಕಾಣದಿದ್ದರೆ ಮತ್ತೊಮ್ಮೆ ಕೇಳಿ. ಸುಮ್ನೆ ಸಂಕೋಚ ಮಾಡ್ಕೋಬೇಡಿ. ಅಲ್ಲಿನವರು ಇದನ್ನು ತಕರಾರು ಅಂದುಕೊಳ್ಳುವುದಿಲ್ಲ.

ಹನ್ನೊಂದು ದಿನದೊಳಗೆ ಉತ್ತರ ಬರದೇ ಇದ್ದರೆ? ಕ್ಯಾಪ್ಸೂಲ್ ಮುಗಿದ ಮರುದಿನದಿಂದ ಕೊಟ್ಟಿರುವ ಅಟೋರ್ವಾಸ್ಟಾಟಿನ್ 20 ಶುರು ಮಾಡಿ. ಕಡಿಮೆ ಡೋಸಾದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಆಸ್ಪಿರಿನ್ 75 ಅನ್ನು ಚೀಟಿ ಇಲ್ಲದೆಯೇ ಫಾರ್ಮಸಿಯಲ್ಲಿ ಕೊಳ್ಳಬಹುದು. ಕೌಂಟರ್‌ನಲ್ಲಿ ಫಾರ್ಮಸಿಸ್ಟ್ ಹತ್ತಿರ ಸ್ಟೆಂಟ್ ಇದೆ ಅಂತ ಹೇಳಿ ತಗೊಳ್ಳಿ. ಹೊಟ್ಟೆ ಹುಣ್ಣು, ರಕ್ತಸ್ರಾವ, ಆಸ್ಪಿರಿನ್ ಅಲರ್ಜಿ ಯಾವುದಾದರೂ ಇದ್ದಿದ್ದರೆ ಅದನ್ನೂ ಹೇಳಬೇಕು. ನಿಮ್ಮ ಬೆಂಗಳೂರಿನ ಚೀಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಥರದ ಇನ್ನೊಂದು ಮಾತ್ರೆ ಇತ್ತಾ, ಅದನ್ನು ನಿಲ್ಲಿಸಿ ಅಂತ ಡಾಕ್ಟರೇ ಹೇಳಿದ್ದರಾ? ಸಾಮಾನ್ಯವಾಗಿ ಒಂದು ವರ್ಷಕ್ಕೆ ಅದನ್ನು ನಿಲ್ಲಿಸುತ್ತಾರೆ. ಆದರೂ ಊಹೆ ಬೇಡ, ಫೋನ್ ಮಾಡಿ ಕೇಳಿಬಿಡಿ.

ಆಸ್ಪಿರಿನ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಆಸ್ಪಿರಿನ್ ತಾಗಿದರೆ ತಮ್ಮ ಆಯಸ್ಸು ಮುಗಿಯುವ ತನಕ ಮಂಕಾಗಿರುತ್ತವೆ. ಅವುಗಳ ಆಯಸ್ಸು ಏಳರಿಂದ ಹತ್ತು ದಿನ. ದಿನಾ ಸುಮಾರು ಹತ್ತನೇ ಒಂದು ಭಾಗ ಹೊಸದಾಗಿ ಹುಟ್ಟುತ್ತವೆ. ದಿನ ಬಿಟ್ಟು ದಿನ ತಗೊಂಡಾಗ ನಿಮಗೆ ರಕ್ಷಣೆ ಪೂರ್ತಿ ಹೋಗಿರಲಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ಕ್ಯಾಪ್ಸೂಲ್ ಮುಗಿದು ಬರೀ ಅಟೋರ್ವಾಸ್ಟಾಟಿನ್ ಮೇಲೆ ಇದ್ದುಬಿಟ್ಟಿದ್ದರೆ ಒಂದು ವಾರ ಹತ್ತು ದಿನದಲ್ಲಿ ಆ ರಕ್ಷಣೆ ಇಲ್ಲವೇ ಇಲ್ಲ. ಇದರ ಸುಳಿವು ಮೈಗೆ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಕೊಲೆಸ್ಟ್ರಾಲ್ ಸ್ವಲ್ಪ ಏರಿದ್ದಕ್ಕಿಂತ ನನಗೆ ಇದೇ ಹೆಚ್ಚು ಚಿಂತೆ. ಎದೆ ನೋವು, ಎದೆ ಬಿಗಿತ, ತೋಳಿಗೆ ಹರಡುವ ನೋವು ಬಂದರೆ ಸರ್ಜರಿಯ ಉತ್ತರಕ್ಕೆ ಕಾಯಬೇಡಿ, ತಕ್ಷಣ 999ಕ್ಕೆ ಫೋನ್ ಮಾಡಿ.

ಈಗ ಆ 2.5ರ ವಿಷಯ. ನಮ್ಮ ಲ್ಯಾಬುಗಳು ಒಂದು ಡೆಸಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ, ಬ್ರಿಟನ್ನಿನವರು ಮಿಲಿಮೋಲ್ ಲೆಕ್ಕ ಬರೆಯುತ್ತಾರೆ. ಅಲ್ಲಿನ ಎಲ್‌ಡಿಎಲ್ ಅಂಕಿಯನ್ನು 38.7ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ. 2.5 ಅಂದರೆ ಸುಮಾರು 97. ಊರು ಬಿಡುವಾಗಿನ 62 ಅಲ್ಲಿನ ಲೆಕ್ಕದಲ್ಲಿ 1.6. ರಕ್ತದಲ್ಲಿರುವ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್‌ಗೆ ಮಾತ್ರ ಈ ಗುಣಕ ನಡೆಯುವುದಿಲ್ಲ, ಅದಕ್ಕೆ 88.6 ಬೇಕು. ಎರಡಕ್ಕೂ ಒಂದೇ ಗುಣಕ ಹಾಕಿ ಟ್ರೈಗ್ಲಿಸರೈಡ್ ಅರ್ಧಕ್ಕರ್ಧ ಇಳಿದಿದೆ ಅಂತ ಖುಷಿಪಡುವವರೂ ಇದ್ದಾರೆ.

ಸ್ಟೆಂಟ್ ಇರುವವರಿಗೆ ನೈಸ್ ಹೇಳುವ ಗುರಿ ಎಲ್‌ಡಿಎಲ್ 2.0 ಅಥವಾ ಅದಕ್ಕಿಂತ ಕಡಿಮೆ. ಅಂದರೆ ನಮ್ಮ ಲೆಕ್ಕದಲ್ಲಿ 77. ನೀವು ಅದನ್ನು ದಾಟಿದ್ದೀರಿ. ಹಾಗಾಗಿ ಆ "ನಾರ್ಮಲ್" ನಿಮ್ಮದಲ್ಲ, ಸ್ಟೆಂಟ್ ಇಲ್ಲದ ಯಾರದ್ದೋ ನಾರ್ಮಲ್. ಕೋಡ್ ಸೇರಿದ ಮೇಲೆ ಇದೇ ರಿಪೋರ್ಟನ್ನು ಮತ್ತೆ ನೋಡಿ ಅಂತ ಕೇಳಬೇಕು.

ಅಲ್ಲಿನ ರಿಪೋರ್ಟಿನಲ್ಲಿ ನಾನ್-ಎಚ್‌ಡಿಎಲ್ ಅಂತ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಅದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ, ಅಲ್ಲಿನ ಡಾಕ್ಟರುಗಳು ಅದನ್ನೇ ಜಾಸ್ತಿ ನೋಡುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಳೆದರೆ ಅದೇ. ಒಟ್ಟು 4.5, ಎಚ್‌ಡಿಎಲ್ 1.0 ಇದ್ದರೆ ನಾನ್-ಎಚ್‌ಡಿಎಲ್ 3.5. ನಿಮ್ಮಂಥವರಿಗೆ ಗುರಿ 2.6. ಇದರ ಅನುಕೂಲ ಏನೆಂದರೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿಲ್ಲ. ನಿಮ್ಮನ್ನೂ ಬಹುಶಃ ತಿಂಡಿ ಬಿಟ್ಟು ಬನ್ನಿ ಅಂದಿರಲಿಕ್ಕಿಲ್ಲ. ತಿಂದು ಹೋದರೆ ಟ್ರೈಗ್ಲಿಸರೈಡ್ ಏರುತ್ತದೆ, ಲೆಕ್ಕ ಹಾಕಿ ತೆಗೆಯುವ ಎಲ್‌ಡಿಎಲ್ ಸ್ವಲ್ಪ ಆಚೀಚೆ ಆಗುತ್ತದೆ. ನಾನ್-ಎಚ್‌ಡಿಎಲ್ ಮಾತ್ರ ಹೆಚ್ಚು ಕದಲುವುದಿಲ್ಲ. ಊರಿನ ಹಳೇ ರಿಪೋರ್ಟುಗಳಲ್ಲೂ ಇದನ್ನು ನೀವೇ ಕಳೆದು ಬರೆದಿಟ್ಟುಕೊಳ್ಳಿ. ಹೋಲಿಸಲು ಸುಲಭ.

ಗುರಿಯ ವಿಷಯದಲ್ಲಿ ಇನ್ನೊಂದು ಮಾತು. ನಿಮ್ಮ ಬೆಂಗಳೂರಿನ ಡಾಕ್ಟರ್ ಬಹುಶಃ 55ಕ್ಕಿಂತ ಕೆಳಗೆ ಇರಲಿ ಅಂದಿದ್ದಾರು. ಯುರೋಪಿನ ಹೃದ್ರೋಗ ತಜ್ಞರ ಸಂಘವೂ ಇಂಥವರಿಗೆ ಅದನ್ನೇ ಹೇಳುತ್ತದೆ, ಅವರ ಲೆಕ್ಕದಲ್ಲಿ 1.4. ಇಂಗ್ಲೆಂಡಿನ ಸರ್ಜರಿಯಲ್ಲಿ 1.9 ಬಂದರೆ ಚೆನ್ನಾಗಿದೆ ಅಂತ ಬಿಟ್ಟುಬಿಡಬಹುದು. ಇಬ್ಬರಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ, ಮುಂದಿಟ್ಟುಕೊಂಡ ಮಾರ್ಗಸೂಚಿ ಬೇರೆ. "ನಮ್ಮ ಡಾಕ್ಟರು ಇಷ್ಟು ಹೇಳಿದ್ದರು, ಎಜೆಟಿಮೈಬ್ ಸೇರಿಸಬಹುದಾ" ಅಂತ ನೀವು ಕೇಳಬಹುದು. ಎಜೆಟಿಮೈಬ್ 10 ಮಿಲಿಗ್ರಾಂ ಮಾತ್ರೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಸ್ಟಾಟಿನ್ ಜೊತೆ ಸೇರಿಸುವುದು ಅಲ್ಲಿಯೂ ಮಾಮೂಲಿ.

ಈಗ ಯಾವ ಸ್ಟಾಟಿನ್ ಅನ್ನುವುದು. ಡಬ್ಬಿಯ ಮೇಲೆ ಎರಡರಲ್ಲೂ 20 ಇದೆ, ಹಾಗಾಗಿ ಒಂದೇ ಅಂತ ಅನ್ನಿಸುತ್ತದೆ. ಒಂದೇ ಅಲ್ಲ. ನೈಸ್ ಕೊಡುವ ಪಟ್ಟಿಯ ಪ್ರಕಾರ ರೋಸುವಾಸ್ಟಾಟಿನ್ 20 ಎಲ್‌ಡಿಎಲ್ ಅನ್ನು ಸುಮಾರು ಶೇ. 48 ಇಳಿಸುತ್ತದೆ. ಅಟೋರ್ವಾಸ್ಟಾಟಿನ್ 20 ಇಳಿಸುವುದು ಶೇ. 43. ಅಟೋರ್ವಾಸ್ಟಾಟಿನ್ 40 ಆದರೆ 49, 80 ಆದರೆ 55. ಅಂದರೆ ನಿಮ್ಮ ಹಳೇ ಡೋಸಿಗೆ ಸಮ ಆಗುವುದು ಅಟೋರ್ವಾಸ್ಟಾಟಿನ್ 40. ನಿಮ್ಮ ಸರ್ಜರಿಯವರು 80 ಅಂದರೂ ಅದು ಅವರ ನಿಯಮದ ಪ್ರಕಾರವೇ ಇರುತ್ತದೆ, ಹೆದರಬೇಡಿ. ರೋಸುವಾಸ್ಟಾಟಿನ್ 20 ಅನ್ನೇ ಮುಂದುವರಿಸಿ ಅಂದರೂ ಸರಿ. ಎರಡು ವರ್ಷ ಒಗ್ಗಿದ ಔಷಧಿ, ಅದಕ್ಕೆ ನನ್ನ ಒಲವು ಸ್ವಲ್ಪ ಜಾಸ್ತಿ.

ರೋಸುವಾಸ್ಟಾಟಿನ್ ಮುಂದುವರಿಸಿದರೆ ಅಲ್ಲಿ ಒಂದು ಪ್ರಶ್ನೆ ಬರಬಹುದು. ಏಷ್ಯಾ ಮೂಲದವರ ರಕ್ತದಲ್ಲಿ ಈ ಔಷಧಿಯ ಮಟ್ಟ ಹೆಚ್ಚು ಏರುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಔಷಧಿಯ ಜೊತೆ ಬರುವ ಮಾಹಿತಿ ಕಾಗದದಲ್ಲಿ ಏಷ್ಯನ್ನರಿಗೆ 5 ಮಿಲಿಗ್ರಾಂನಿಂದ ಶುರು ಮಾಡಿ, 40 ಕೊಡಬೇಡಿ ಅಂತ ಬರೆದಿದೆ. ಫಾರ್ಮಸಿಸ್ಟ್ ನಿಮ್ಮ ಹೆಸರು ನೋಡಿ "20 ಯಾಕೆ" ಅಂತ ಕೇಳಿದರೆ ಅದು ಅವರ ಕೆಲಸ. ಎರಡು ವರ್ಷದಿಂದ ತಗೊಳ್ತಿದ್ದೀನಿ, ಸ್ನಾಯು ನೋವು ಇಲ್ಲ, ಲಿವರ್ ಪರೀಕ್ಷೆ ಸರಿ ಇತ್ತು ಅಂತ ಹೇಳಿ. ಲಿವರ್ ರಿಪೋರ್ಟ್ ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಇನ್ನು 62 ಇದ್ದದ್ದು 97 ಆಗಿದ್ದು ಯಾಕೆ? ದಿನ ಬಿಟ್ಟು ದಿನ ತಗೊಂಡಿದ್ದಕ್ಕೆ ಅಂತ ನೀವು ಅಂದುಕೊಂಡಿರಬಹುದು. ಲೆಕ್ಕ ಮಾಡಿ ನೋಡೋಣ. ರೋಸುವಾಸ್ಟಾಟಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅರ್ಧ ಇಳಿಯಲು ಸುಮಾರು 19 ಗಂಟೆ ಬೇಕು. ಹಾಗಾಗಿ 20 ಅನ್ನು ದಿನ ಬಿಟ್ಟು ದಿನ ತಗೊಂಡರೆ ದಿನಾ 10 ತಗೊಂಡ ಹಾಗೆ ಅಂತ ಅಂದಾಜು ಇಟ್ಟುಕೊಳ್ಳಿ. ಸ್ಟಾಟಿನ್‌ಗಳಲ್ಲಿ ಡೋಸ್ ಅರ್ಧ ಮಾಡಿದರೆ ಪರಿಣಾಮ ಅರ್ಧ ಆಗುವುದಿಲ್ಲ, ಶೇ. 5ರಿಂದ 6ರಷ್ಟು ಮಾತ್ರ ಕಡಿಮೆ ಆಗುತ್ತದೆ. ನಿಮ್ಮ ಮೊದಲಿನ 128ರ ಮೇಲೆ ಅದು ಆರೇಳು ಅಂಕ. 62 ಇದ್ದದ್ದು 70ರ ಆಸುಪಾಸಿಗೆ ಬರಬೇಕಿತ್ತು. 97ಕ್ಕೆ ಏರಿದೆ ಅಂದರೆ ಬೇರೆ ಏನೋ ಸೇರಿದೆ.

ಎರಡು ಅನುಮಾನ. ಒಂದು, ದಿನ ಬಿಟ್ಟು ದಿನ ಅಂದುಕೊಂಡವರು ಎಷ್ಟೋ ಸಲ ಎರಡು ದಿನ ಬಿಟ್ಟಿರುತ್ತಾರೆ. ನಿನ್ನೆ ತಗೊಂಡಿದ್ದೆನೋ ಇವತ್ತು ತಗೋಬೇಕೋ ಅಂತ ನೆನಪು ಉಳಿಯುವುದಿಲ್ಲ. ಊರಿಂದ ತಂದ ಕ್ಯಾಪ್ಸೂಲ್ ಎಷ್ಟು, ಬಂದು ಎಷ್ಟು ದಿನ ಆಯಿತು, ಉಳಿದದ್ದು ಹನ್ನೊಂದು. ಕಳೆದು ನೋಡಿದರೆ ನಿಜ ಗೊತ್ತಾಗುತ್ತದೆ. ಎರಡನೆಯದು ನಿಮ್ಮ ತಟ್ಟೆ.

ಇಂಗ್ಲೆಂಡಿನಲ್ಲಿ ಸಸ್ಯಾಹಾರಿ ಅಂದ ಕೂಡಲೇ ಚೀಸ್ ಬರುತ್ತದೆ. ಕ್ಯಾಂಟೀನಿನಲ್ಲಿ ಆಲೂಗಡ್ಡೆ ಕೇಳಿದರೂ ಮೇಲೆ ಚೀಸ್, ಪಾಸ್ತಾ ಕೇಳಿದರೂ ಚೀಸ್, ಸೂಪಿಗೆ ಕ್ರೀಮ್. ನಮ್ಮವರು ಮಾಂಸ ಮುಟ್ಟುವುದಿಲ್ಲವಾದ್ದರಿಂದ ಕೊಬ್ಬಿನ ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ದಿನದ ಲೆಕ್ಕ ಹಾಕೋಣ. ಎಲ್‌ಡಿಎಲ್ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು. ನಿಮ್ಮಂಥವರಿಗೆ ಅದು ದಿನದ ಕ್ಯಾಲೋರಿಯ ಶೇ. 7 ದಾಟಬಾರದು. ಎರಡು ಸಾವಿರ ಕ್ಯಾಲೋರಿ ತಿನ್ನುವವರಿಗೆ ಅದು ಸುಮಾರು 15 ಗ್ರಾಂ. ಬೆಳಿಗ್ಗೆ ಎರಡು ಟೋಸ್ಟಿಗೆ 20 ಗ್ರಾಂ ಬೆಣ್ಣೆ ಸವರಿದರೆ ಅದರಲ್ಲೇ 10 ಗ್ರಾಂ. ಸ್ಯಾಂಡ್‌ವಿಚ್‌ನಲ್ಲಿ 50 ಗ್ರಾಂ ಚೆಡ್ಡರ್ ಚೀಸ್ ಇದ್ದರೆ ಇನ್ನೂ ಸುಮಾರು 10. ಮಧ್ಯಾಹ್ನಕ್ಕೇ 20 ಆಯಿತು. ರಾತ್ರಿ ಒಂದು ದೊಡ್ಡ ಚಮಚ ತುಪ್ಪ ಹಾಕಿಕೊಂಡರೆ ಮತ್ತೆ 9. ಫ್ರೋಜನ್ ಪರಾಠವನ್ನು ನಾನಿನ್ನೂ ಸೇರಿಸಿಲ್ಲ. ಅವುಗಳಲ್ಲಿ ಹಲವನ್ನು ಪಾಮ್ ಎಣ್ಣೆ ಹಾಕಿ ಮಾಡಿರುತ್ತಾರೆ, ಪ್ಯಾಕೆಟ್ ತಿರುಗಿಸಿ ನೋಡಿ. ಇರಬೇಕಾದ್ದರ ದುಪ್ಪಟ್ಟು ಸುಲಭವಾಗಿ ದಾಟುತ್ತೀರಿ. ಹುಬ್ಬಳ್ಳಿಯಲ್ಲಿ ಇದೇ ತುಪ್ಪ ಇತ್ತು, ಆದರೆ ಬೆಣ್ಣೆ ಚೀಸ್ ಇರಲಿಲ್ಲ. ಜೊತೆಗೆ ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು ಇತ್ತು. ಏರಿದ್ದೂ ಇದೆ, ಬಿಟ್ಟುಹೋದದ್ದೂ ಇದೆ.

ಪ್ಯಾಕೆಟ್ ಓದಲು ಒಂದೇ ಸಾಲು ಸಾಕು. "Saturates" ಅನ್ನುವ ಸಾಲಿನಲ್ಲಿ 100 ಗ್ರಾಂಗೆ 5ಕ್ಕಿಂತ ಜಾಸ್ತಿ ಇದ್ದರೆ ಕೆಂಪು, 1.5 ಅಥವಾ ಕಡಿಮೆ ಇದ್ದರೆ ಹಸಿರು. ಎಷ್ಟೋ ಪ್ಯಾಕೆಟ್‌ಗಳ ಮುಂಭಾಗದಲ್ಲೇ ಈ ಬಣ್ಣ ಇರುತ್ತದೆ. ಒಂದು ಬಲೆಗೆ ಮಾತ್ರ ಬೀಳಬೇಡಿ. ಚೀಸ್ ಬಿಟ್ಟು ವೀಗನ್ ಚೀಸ್ ತಗೊಂಡರೆ ಉದ್ಧಾರ ಆಗುವುದಿಲ್ಲ, ಅದನ್ನು ಹೆಚ್ಚಾಗಿ ತೆಂಗಿನೆಣ್ಣೆಯಿಂದ ಮಾಡುತ್ತಾರೆ. ಸ್ಯಾಚುರೇಟೆಡ್ ಕೊಬ್ಬಿನಲ್ಲಿ ಅದು ಚೆಡ್ಡರ್‌ಗೆ ಸಮಸಮ.

ಬದಲಾಯಿಸುವುದು ಎಲ್ಲವನ್ನೂ ಅಲ್ಲ. ನಾನಾದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡನ್ನು ಮಾತ್ರ ಮುಟ್ಟುತ್ತೇನೆ, ಅಮ್ಮನ ತುಪ್ಪವನ್ನು ಒಂದು ಸಣ್ಣ ಚಮಚಕ್ಕೆ ಇಳಿಸಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಓಟ್ಸ್. ಗಂಜಿ ಥರ ಸೇರದಿದ್ದರೆ ಒಗ್ಗರಣೆ ಕೊಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಬಟಾಣಿ ಹಾಕಿ ಉಪ್ಪಿಟ್ಟು ಮಾಡಿ. ಓಟ್ಸ್‌ನಲ್ಲಿ ಬೀಟಾ ಗ್ಲೂಕನ್ ಅನ್ನುವ ನಾರು ಇದೆ. ದಿನಕ್ಕೆ 3 ಗ್ರಾಂ ಹೋದರೆ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಅಷ್ಟಕ್ಕೆ 75 ಗ್ರಾಂ ಓಟ್ಸ್ ಬೇಕು, ಒಂದು ದೊಡ್ಡ ಬಟ್ಟಲು. ಮಾತ್ರೆಯ ಜಾಗಕ್ಕೆ ಇದು ಬರುವುದಿಲ್ಲ, ಶೇ. 5ರ ಆಸುಪಾಸಿನ ಸಹಾಯ. ಮಧ್ಯಾಹ್ನ ಚೀಸ್ ಬದಲು ಕಡಲೆಯಿಂದ ಮಾಡಿದ ಹಮ್ಮಸ್ ಇರುವ ಸ್ಯಾಂಡ್‌ವಿಚ್, ಅಥವಾ ಆಲೂಗಡ್ಡೆಯ ಮೇಲೆ ಬೀನ್ಸ್. ಬೇಕ್ಡ್ ಬೀನ್ಸ್ ಅಲ್ಲಿನ ಎಲ್ಲ ಕ್ಯಾಂಟೀನಿನಲ್ಲೂ ಸಿಗುತ್ತದೆ. ಸಕ್ಕರೆ, ಉಪ್ಪು ಸ್ವಲ್ಪ ಇರುತ್ತದೆ, ಆದರೆ ಚೀಸ್‌ಗಿಂತ ಎಷ್ಟೋ ಮೇಲು. ಅಡುಗೆಗೆ ರೇಪ್‌ಸೀಡ್ ಎಣ್ಣೆ ತಗೊಳ್ಳಿ. ಅಗ್ಗವಾಗಿ ಸಿಗುತ್ತದೆ, ಸ್ಯಾಚುರೇಟೆಡ್ ಕೊಬ್ಬು ತುಂಬಾ ಕಡಿಮೆ. ಬಾಟಲಿಯ ಮೇಲೆ ಬರೀ "Vegetable oil" ಅಂತ ಇದ್ದರೆ ಹಿಂಭಾಗ ನೋಡಿ, ಅದರೊಳಗೆ ರೇಪ್‌ಸೀಡೇ ಇರುವುದು ಹೆಚ್ಚು. ಜೋಳದ ಹಿಟ್ಟು ಲೀಡ್ಸ್ ಮತ್ತು ಪಕ್ಕದ ಬ್ರಾಡ್‌ಫರ್ಡ್‌ನ ದಕ್ಷಿಣ ಏಷ್ಯಾದ ಅಂಗಡಿಗಳಲ್ಲಿ "Juwar" ಅನ್ನುವ ಹೆಸರಿನಲ್ಲಿ ಹುಡುಕಿ. ರೊಟ್ಟಿ ಬಡಿಯಲು ಬರದಿದ್ದರೆ ಲಟ್ಟಿಸಿ, ಯಾರೂ ನೋಡುವುದಿಲ್ಲ.

ದ್ರಾಕ್ಷಿ ಅಲ್ಲದ ಗ್ರೇಪ್‌ಫ್ರೂಟ್ ಅಂತ ಒಂದು ಹಣ್ಣು ಅಲ್ಲಿ ಬೆಳಗಿನ ತಿಂಡಿಗೆ ಸಿಗುತ್ತದೆ, ನಮ್ಮ ಚಕ್ಕೋತದ ನೆಂಟ. ಅಟೋರ್ವಾಸ್ಟಾಟಿನ್ ತಗೊಳ್ಳುವವರು ಅದರ ರಸವನ್ನು ಲೋಟಗಟ್ಟಲೆ ಕುಡಿಯಬಾರದು. ಔಷಧಿ ಮೈಯಲ್ಲಿ ಹೆಚ್ಚು ಉಳಿದುಬಿಡುತ್ತದೆ. ಇದೇ ಕಾರಣಕ್ಕೆ ಕ್ಲಾರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಸ್ಟಾಟಿನ್ ತಗೊಳ್ತಿದ್ದೀನಿ ಅಂತ ಹೇಳಬೇಕು. ರೋಸುವಾಸ್ಟಾಟಿನ್‌ಗೆ ಈ ಹಣ್ಣಿನ ಕಾಟ ಇಲ್ಲ.

ಫಾರ್ಮಸಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಭಾರತದ ಚೀಟಿ ತೋರಿಸಿದರೆ ಅಲ್ಲಿ ಸ್ಟಾಟಿನ್ ಕೊಡುವಂತಿಲ್ಲ, ಸರ್ಜರಿಯ ಚೀಟಿಯೇ ಬೇಕು. ಆ್ಯಪ್‌ನಲ್ಲಿ ಹತ್ತಿರದ ಒಂದು ಫಾರ್ಮಸಿಯನ್ನು ಆರಿಸಿಟ್ಟರೆ ಚೀಟಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್. ಮಾತ್ರೆ 28 ಇದ್ದರೂ 56 ಇದ್ದರೂ ಅಷ್ಟೇ, ಹಾಗಾಗಿ ಎರಡು ತಿಂಗಳಿಗೆ ಒಟ್ಟಿಗೆ ಬರೆಯಬಹುದಾ ಅಂತ ಕೇಳಿ. ಆಸ್ಪಿರಿನ್ ಅನ್ನು ಕೌಂಟರ್‌ನಲ್ಲಿ ಕೊಂಡರೆ ಅದಕ್ಕಿಂತ ಅಗ್ಗ. ಆದರೂ ನಿಮ್ಮ ಔಷಧಿ ಪಟ್ಟಿಯಲ್ಲಿ ಅದು ಇರಲಿ ಅಂತ ಡಾಕ್ಟರಿಗೆ ಹೇಳಿ. ಪ್ರತಿ ಸಲ ಡಬ್ಬಿಯ ಬಣ್ಣ, ಮಾತ್ರೆಯ ಆಕಾರ ಬದಲಾಗಬಹುದು. ಕಂಪನಿ ಬೇರೆ, ಔಷಧಿ ಅದೇ. ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ನೋಡಿ. ಮುಗಿಯಲು ವಾರ ಇರುವಾಗಲೇ ಆ್ಯಪ್‌ನಲ್ಲಿ ಮತ್ತೆ ಕೇಳಿಬಿಡಿ, ಆಗ ಉಳಿಸಿ ಉಳಿಸಿ ನುಂಗುವ ಪರಿಸ್ಥಿತಿ ಬರುವುದಿಲ್ಲ.

ಚಳಿಗಾಲದಲ್ಲಿ ಮೈಕೈ ನೋವು ಶುರುವಾದರೆ ಹೊಸ ಮಾತ್ರೆಯ ಮೇಲೇ ತಪ್ಪು ಹೊರಿಸಬೇಡಿ. ಅಲ್ಲಿ ಬಿಸಿಲು ಸಾಲದೆ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಬೇಗ ಇಳಿಯುತ್ತದೆ, ಅದರಿಂದಲೂ ಸ್ನಾಯು ನೋಯುತ್ತದೆ. ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ನಿಮ್ಮಂಥವರು ವರ್ಷವಿಡೀ ತಗೊಳ್ಳುವುದು ಒಳ್ಳೆಯದು. ಆದರೆ ಎರಡೂ ತೊಡೆ, ಎರಡೂ ಭುಜ ನೋಯುತ್ತಾ ಶಕ್ತಿಯೇ ಇಲ್ಲ ಅನ್ನಿಸಿದರೆ ಸರ್ಜರಿಗೆ ಹೇಳಿ, ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತಿಳಿಯಲು ಸಿಕೆ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ಟಾಟಿನ್ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಾಣಿ. ಆಸ್ಪಿರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಔಷಧಿ ತೀರ್ಮಾನ ಆಗಿ ದಿನಾ ತಗೊಳ್ಳಲು ಶುರು ಮಾಡಿದ ಎರಡು ಮೂರು ತಿಂಗಳಿಗೆ ಮತ್ತೆ ಲಿಪಿಡ್ ಮತ್ತು ಲಿವರ್ ಪರೀಕ್ಷೆ ಆಗಬೇಕು. ಅದಕ್ಕೂ ಮೊದಲು ಮಾಡಿಸಿದರೆ ಊಟ ಬದಲಿಸಿದ್ದರ ಫಲ ಪೂರ್ತಿ ಕಾಣಲಿಕ್ಕಿಲ್ಲ. ಎಲ್‌ಡಿಎಲ್ 2.0 ಒಳಗೆ, ನಾನ್-ಎಚ್‌ಡಿಎಲ್ 2.6 ಒಳಗೆ ಬಂದರೆ ಅಲ್ಲಿನ ಗುರಿ ಮುಟ್ಟಿದಂತೆ. ದಿನಾ ತಗೊಂಡೂ ಬರದಿದ್ದರೆ ಎಜೆಟಿಮೈಬ್ ವಿಷಯ ಎತ್ತಲು ಅದೇ ಸರಿಯಾದ ಸಮಯ. ರಜೆಗೆ ಹುಬ್ಬಳ್ಳಿಗೆ ಹೋಗುವಾಗ ಇಂಗ್ಲೆಂಡಿನ ಮಾತ್ರೆಗಳನ್ನೇ ರಜೆಗೆ ಸಾಕಾಗುವಷ್ಟು ಕೈಚೀಲದಲ್ಲಿ ಒಯ್ಯಿರಿ. ಊರಲ್ಲಿ ಹಳೇ ಚೀಟಿ ತೋರಿಸಿ ಆ ಜೋಡಿ ಕ್ಯಾಪ್ಸೂಲ್ ಕೊಂಡು ಇದರ ಜೊತೆ ತಗೊಂಡರೆ ಎರಡು ಸ್ಟಾಟಿನ್, ಎರಡು ಆಸ್ಪಿರಿನ್ ಹೊಟ್ಟೆಗೆ ಹೋಗುತ್ತದೆ.